ಹೊಸ್ತಿಲ ಹಬ್ಬ: ಕರ್ಜಗಿಯ ಒಂದು ಮನೆಯ ದೀಪಾವಳಿ

ಅಲಂಕಾರವೆಂಬುದು ಆಧಾರವನ್ನು ಬಿಟ್ಟು ನಿಲ್ಲುವುದಿಲ್ಲ. ಕಾವ್ಯದ ಮಾತಿನಲ್ಲಿ ಇದು ನಿಜವಾಗಿರುವಂತೆಯೇ ಮನೆಯ ಗೋಡೆಯ ಮಾತಿನಲ್ಲಿಯೂ ನಿಜ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಯನ್ನು ಕುರಿತು ಹೇಳುವಾಗ ಬಣ್ಣದ ಮಾತಿಗಿಂತ ಮೊದಲು ಭಿತ್ತಿಯ ಮಾತನ್ನು ಎತ್ತುತ್ತಾನೆ. ಗೋಡೆಯನ್ನು ನುಣುಪುಗೊಳಿಸಬೇಕು, ಅಂಟನ್ನೂ ಬಿಳಿಯ ಮಣ್ಣನ್ನೂ ಬೆರೆಸಿ ಲೇಪಿಸಬೇಕು, ಅದಾದ ಮೇಲೆ ರೇಖೆ, ಆಮೇಲೆ ವರ್ಣ. ನೆಲದ ಮೇಲೆ ಪುಡಿಯಿಂದ ಬರೆಯುವ ಧೂಳಿಚಿತ್ರವನ್ನೂ ಆತ ಚಿತ್ರದ ಒಂದು ಬಗೆಯಾಗಿಯೇ ಎಣಿಸಿದ್ದಾನೆ. ಇಂದು ಹೆಣ್ಣುಮಕ್ಕಳು ಬಾಗಿಲ ಮುಂದೆ ಹಾಕುವ ರಂಗೋಲಿಗೆ ಅಷ್ಟು ಹಳೆಯ ಗೌರವವಿದೆ. ಆದರೆ ಆ ಗ್ರಂಥದ ಕ್ರಮದಲ್ಲಿ ಗಮನಿಸಬೇಕಾದದ್ದು ಮೊದಲ ಹೆಜ್ಜೆ: ಮೈ ಸಿದ್ಧವಾಗದೆ ಚಿತ್ರವಿಲ್ಲ.

ಹಬ್ಬದ ದಿನಗಳಲ್ಲಿ ಮನೆಯನ್ನು ಸಿಂಗರಿಸುವ ಕುರಿತು ಹಿರಿಯರಿಗೂ ಕಿರಿಯರಿಗೂ ನಡೆಯುವ ವಾದಗಳಲ್ಲಿ ಈ ಮೊದಲ ಹೆಜ್ಜೆಯೇ ಮರೆತುಹೋಗುತ್ತದೆ. ವಾದವು 'ಹಳೆಯದು', 'ಹೊಸದು' ಎಂಬ ಎರಡು ಹೆಸರುಗಳ ನಡುವೆ ನಡೆಯುತ್ತದೆ. ಬದಲಾಗಿರುವುದು ಮನೆಯ ಮೈ ಎಂಬುದು ಇಬ್ಬರ ಗಮನಕ್ಕೂ ಬರುವುದಿಲ್ಲ.

ಹಾವೇರಿಯ ಉತ್ತರಕ್ಕೆ, ವರದಾ ನದಿಯ ಬಯಲಿನಲ್ಲಿರುವ ಕರ್ಜಗಿ ಒಂದು ಕಾಲಕ್ಕೆ ಧಾರವಾಡ ಜಿಲ್ಲೆಗೆ ಸೇರಿದ್ದ ಊರು. ಸುತ್ತಿನ ಹಳ್ಳಿಗಳಿಗೆ ಅದರ ಹೆಸರು ಇಂದು ಕಾರಹುಣ್ಣಿಮೆಯ ಕರಿಬಂಡಿಯಿಂದ ನೆನಪಾಗುತ್ತದೆ. ಅದು ಬೀದಿಯ ಹಬ್ಬ, ಎತ್ತುಗಳ ಹಬ್ಬ, ಊರಿಗೆ ಊರೇ ಹೊರಗೆ ಬರುವ ಹಬ್ಬ. ದೀಪಾವಳಿ ಹಾಗಲ್ಲ. ಅದು ಹೊಸ್ತಿಲ ಹಬ್ಬ. ನೀರು ತುಂಬುವ ದಿನದಿಂದ ಬಲಿಪಾಡ್ಯಮಿಯವರೆಗೆ ಅದು ಮನೆಯ ಬಚ್ಚಲಿನಿಂದ ದೇವರ ಜಗಲಿಗೆ, ಜಗಲಿಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ದನದ ಗೋದಲಿಗೆ ನಡೆದುಬರುತ್ತದೆ. ಆದ್ದರಿಂದ ಮನೆ ಬದಲಾದಾಗ ಮೊದಲು ತೊಡಕಿಗೆ ಸಿಕ್ಕುವುದೂ ಈ ಹಬ್ಬವೇ.

ಈ ಊರಿನ ಒಂದು ಒಕ್ಕಲು ಮನೆತನದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಹೊಲ ನೋಡಿಕೊಳ್ಳುವ ಮಗ, ಸೊಸೆ, ಹುಬ್ಬಳ್ಳಿಯಲ್ಲಿ ಓದುವ ಮೊಮ್ಮಗಳು, ಬೆಂಗಳೂರಿನಲ್ಲಿ ನೌಕರಿ ಮಾಡುವ ಮೊಮ್ಮಗ. ಮಣ್ಣಿನ ಗೋಡೆಯ ಹಳೆಯ ಮಾಳಿಗೆಮನೆಯನ್ನು ಕೆಡವಿ, ಅದೇ ಜಾಗದಲ್ಲಿ ಸಿಮೆಂಟಿನ ಮನೆ ಕಟ್ಟಿದ್ದರು. ಒಳಗೆ ಹೊಳೆಯುವ ಟೈಲ್ಸ್, ಗೋಡೆಗೆ ಎಮಲ್ಶನ್ ಬಣ್ಣ, ಹೊಸ್ತಿಲಿಗೆ ಕರಿಯ ಗ್ರಾನೈಟ್. ಹಿತ್ತಲಿನ ಕೊಟ್ಟಿಗೆ ಮಾತ್ರ ಹಳೆಯದೇ ಉಳಿಯಿತು.

ಹೊಸ ಮನೆಯ ಮೊದಲ ದೀಪಾವಳಿಯಲ್ಲಿ ಅಜ್ಜಿ ತನ್ನ ಕ್ರಮವನ್ನು ಬಿಡಲಿಲ್ಲ. ಕೆಮ್ಮಣ್ಣನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಅರಿವೆಯಿಂದ ಬಾಗಿಲ ಎರಡು ಮಗ್ಗುಲಿಗೆ ಮೊಣಕಾಲೆತ್ತರದ ಪಟ್ಟಿ ಎಳೆಸಿದಳು. ಅದರ ಮೇಲೆ ಸುಣ್ಣದ ಎಳೆಗಳು. ಹೊಸ್ತಿಲ ಮುಂದೆ ಸಗಣಿಯಿಂದ ಸಾರಿಸಿದಳು. ಮೊಮ್ಮಗ ಬೆಂಗಳೂರಿನಿಂದ ರಂಗೋಲಿಯ ಸ್ಟಿಕ್ಕರು, ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ, ಮನೆ ತುಂಬ ಸುತ್ತುವಷ್ಟು ಎಲ್‌ಇಡಿ ಸರ ತಂದಿದ್ದ. ಎರಡೂ ಕಡೆಯವರು ತಮ್ಮ ತಮ್ಮ ಕೆಲಸ ಮಾಡಿದರು. ಹಬ್ಬ ಮುಗಿಯುವ ಮೊದಲೇ ಕೆಮ್ಮಣ್ಣು ಹಕ್ಕಳೆಯಾಗಿ ಉದುರಿತು. ಸಾರಿಸಿದ ಸಗಣಿ ಹಸಿಯಾಗಿದ್ದಾಗ ಜಾರಿತು, ಒಣಗಿದ ಮೇಲೆ ಸಿಪ್ಪೆಯಂತೆ ಎದ್ದಿತು. ಅಜ್ಜಿ ಅದರ ಮೇಲೆ ಕಾಲಿಟ್ಟು ಜಾರಿದಳು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಪಾಡ್ಯಮಿಯ ಬೆಳಿಗ್ಗೆ ಆಕೆ ಪಾಂಡವರನ್ನು ಇಡಲಿಲ್ಲ. "ಈ ಕಲ್ಲಿನ ಮ್ಯಾಲೆ ಪಾಂಡವ್ರು ನಿಂದ್ರೂದಿಲ್ಲ, ಬಿಡ್ರಿ" ಎಂದಳು. ತಿಳಿದವರೆಲ್ಲ ಕಂಡಂತೆ ಆ ಮನೆಯಲ್ಲಿ ಪಾಂಡವರಿಲ್ಲದೆ ಪಾಡ್ಯಮಿ ಕಳೆದದ್ದು ಅದೇ ಮೊದಲು. ಸಗಣಿಯ ಹದ, ಮೂರ್ತಿಗಳ ಎಣಿಕೆ, ಇಡುವ ದಿಕ್ಕು, ಮುಡಿಸುವ ಹೂವು ಇವೆಲ್ಲ ಆಕೆಯ ಕೈಯಲ್ಲಿ ಮಾತ್ರ ಇದ್ದವು. ಇನ್ನೆರಡು ವರ್ಷ ಹೀಗೇ ಕಳೆದಿದ್ದರೆ ಕೇಳಿ ತಿಳಿಯುವ ದಾರಿಯೂ ಮುಚ್ಚಿಹೋಗುತ್ತಿತ್ತು.

ಮರುವರ್ಷ ಹಬ್ಬಕ್ಕೆ ಹದಿನೈದು ದಿನ ಮೊದಲು ಮೊಮ್ಮಗಳು ಈ ವಿಷಯವನ್ನು ಕೈಗೆ ತೆಗೆದುಕೊಂಡಳು. ಅವಳು ಕೇಳಿದ ಪ್ರಶ್ನೆ ಸರಳವಾದದ್ದು: ಹಳೆಯ ಮನೆಯಲ್ಲಿ ನಿಲ್ಲುತ್ತಿದ್ದದ್ದು ಇಲ್ಲಿ ಏಕೆ ನಿಲ್ಲಲಿಲ್ಲ?

ಉತ್ತರ ಗೋಡೆಯಲ್ಲಿಯೇ ಇತ್ತು. ಮಣ್ಣಿನ ಗೋಡೆ ನೀರು ಕುಡಿಯುತ್ತದೆ. ಕೆಮ್ಮಣ್ಣಿನ ನೀರು ಒಳಗೆ ಇಳಿದಾಗ ಮಣ್ಣಿನ ಕಣಗಳು ಗೋಡೆಯ ಸಣ್ಣ ರಂಧ್ರಗಳಲ್ಲಿ ಸಿಕ್ಕಿ ನಿಲ್ಲುತ್ತವೆ. ಸುಣ್ಣದ ಕೆಲಸ ಇನ್ನೂ ಸೂಕ್ಷ್ಮ. ಸುಣ್ಣದ ಹರಳನ್ನು ನೀರಿಗೆ ಹಾಕಿದಾಗ ಅದು ಕುದಿದು ಅರಳುತ್ತದೆ; ಅರಳಿದ ಸುಣ್ಣವನ್ನು ತೆಳ್ಳಗೆ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ. ಅದಕ್ಕೆ ಹಿಡಿದುಕೊಳ್ಳಲು ಒರಟಾದ, ತೇವವನ್ನು ಹೀರುವ ಮೈ ಬೇಕು. ಎಮಲ್ಶನ್ ಬಣ್ಣ ಗೋಡೆಯ ಮೇಲೆ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಆ ಪೊರೆಯ ಮೇಲೆ ಸುಣ್ಣವಾಗಲಿ ಕೆಮ್ಮಣ್ಣಾಗಲಿ ಕುಳಿತಿರುತ್ತವೆ, ಹಿಡಿದಿರುವುದಿಲ್ಲ. ಒಣಗಿದೊಡನೆ ಹಕ್ಕಳೆಯಾಗಿ ಕಳಚುತ್ತವೆ. ಪರೀಕ್ಷೆ ಬಹಳ ಸುಲಭ. ಬೆರಳನ್ನು ನೀರಿನಲ್ಲಿ ಅದ್ದಿ ಗೋಡೆಗೆ ಚಿಮುಕಿಸಬೇಕು. ಹನಿ ಇಂಗಿ ಕಲೆಯಾಗಿ ಹರಡಿದರೆ ಆ ಗೋಡೆಗೆ ಸುಣ್ಣ ಬಳಿಯಬಹುದು. ಹನಿ ಮುತ್ತಿನಂತೆ ನಿಂತು ಕೆಳಗೆ ಜಾರಿದರೆ ಬಳಿಯುವುದು ವ್ಯರ್ಥ.

ಮೊಮ್ಮಗಳು ಹನಿ ಚಿಮುಕಿಸುತ್ತ ಮನೆಯನ್ನು ಒಂದು ಸುತ್ತು ಬಂದಳು. ಒಳಗಿನ ಗೋಡೆಗಳೆಲ್ಲ ಹನಿಯನ್ನು ಜಾರಿಸಿದವು. ಆದರೆ ಮೂರು ಕಡೆ ಹನಿ ಇಂಗಿತು: ಬಣ್ಣ ಹಚ್ಚದೆ ಬಿಟ್ಟಿದ್ದ ತುಳಸಿಕಟ್ಟೆ, ಮುಂಬಾಗಿಲ ಮೆಟ್ಟಿಲ ಪಕ್ಕದ ಸಿಮೆಂಟಿನ ಗಿಡ್ಡ ಗೋಡೆ, ಹಿತ್ತಲಿನ ಕೊಟ್ಟಿಗೆ. ಅಜ್ಜಿಯ ಸುಣ್ಣಕ್ಕೂ ಕೆಮ್ಮಣ್ಣಿಗೂ ಈ ಮೂರು ಜಾಗಗಳು ಮೀಸಲಾದವು. ಅಲ್ಲಿ ಅಜ್ಜಿಯ ಕ್ರಮವೇ ಕ್ರಮ. ಸುಣ್ಣವನ್ನು ಮೊದಲ ದಿನವೇ ಅರಳಿಸಿ ಇಡಬೇಕು. ಅರಳುವ ಸುಣ್ಣದ ಹತ್ತಿರ ಮಕ್ಕಳನ್ನು ಬಿಡಬಾರದು, ಕಣ್ಣಿಗೆ ಸಿಡಿದರೆ ಗಂಡಾಂತರ. ಮರುದಿನ ಅರಿವೆಯಲ್ಲಿ ಸೋಸಿ, ಬಳಿಯುವ ಮುನ್ನ ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಒಂದು ಸಲ, ಅದು ಒಣಗಿದ ಮೇಲೆ ಇನ್ನೊಂದು ಸಲ ಬಳಿಯಬೇಕು. ಒಮ್ಮೆಗೇ ದಪ್ಪಗೆ ಬಳಿದರೆ ಬಿರುಕು ಬಿಟ್ಟು ಏಳುತ್ತದೆ. ಹುಡುಗರು ಅಂದು ಈ ಕೆಲಸವನ್ನು ಮಾಡಿದ್ದು ಸಂಪ್ರದಾಯದ ಮೇಲಿನ ಭಕ್ತಿಯಿಂದಲ್ಲ, ಈ ಸಲ ಅದು ನಿಲ್ಲುವುದೆಂಬ ನಂಬಿಕೆಯಿಂದ.

ಒಳಗಿನ ಗೋಡೆಗಳು ಕಿರಿಯರ ಪಾಲಿಗೆ ಬಂದವು. ಇಲ್ಲಿ ಅಜ್ಜಿಯ ಆಕ್ಷೇಪ ಒಂದೇ ಆಗಿತ್ತು: ಪ್ಲಾಸ್ಟಿಕ್ ಹೂವು ಬೇಡ. "ಬಾಡದ್ದು ಹೂವು ಹೆಂಗ ಆದೀತು?" ಎಂಬುದು ಆಕೆಯ ಪ್ರಶ್ನೆ. ಮೊಮ್ಮಗನ ಕಡೆಯ ವಾದವೂ ಸುಳ್ಳಾಗಿರಲಿಲ್ಲ: ಹಸಿ ಚೆಂಡುಹೂವಿನ ಮಾಲೆ ಎರಡು ಮೂರು ದಿನಕ್ಕೆ ಕಪ್ಪಾಗುತ್ತದೆ, ಹಬ್ಬ ಐದು ದಿನದ್ದು, ಮಾಲೆ ಬದಲಿಸುವವರು ಯಾರು? ಈ ಬಿಕ್ಕಟ್ಟಿಗೆ ಪರಿಹಾರ ಹಾವೇರಿಯ ಪೇಟೆಯಲ್ಲಿಯೇ ಇತ್ತು. ಏಲಕ್ಕಿ ಹಾರಕ್ಕೆ ಆ ಊರು ಹೆಸರಾದದ್ದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾಡಿಗೆ ನಾಡೇ ಆ ಹಾರವನ್ನು ನೆನೆಯಿತು. ಏಲಕ್ಕಿಯ ಕಾಯಿಗಳನ್ನು ದಾರದಲ್ಲಿ ಕೋದು, ನಡುನಡುವೆ ಮಣಿ, ಜರಿ ಸೇರಿಸಿ ಕಟ್ಟುವ ಈ ಹಾರ ಬಾಡುವುದಿಲ್ಲ. ಅದು ಗಿಡದಿಂದಲೇ ಬಂದದ್ದು, ಆದರೆ ಒಣಗಿಯೇ ಬಂದದ್ದು. ಅಜ್ಜಿಯ ನಿಯಮಕ್ಕೂ ಮೊಮ್ಮಗನ ಅನುಕೂಲಕ್ಕೂ ಅದು ಹೊಂದಿತು. ಬೆಲೆ ಹೆಚ್ಚಾದ್ದರಿಂದ ಒಂದೇ ಎಳೆಯ ಸಣ್ಣ ಹಾರವನ್ನು ತಂದು ದೇವರ ಮನೆಯ ಬಾಗಿಲಿಗೆ ಹಾಕಿದರು. ಬಿಸಿಲು, ತೇವ ತಾಕದಂತೆ ಅರಿವೆಯಲ್ಲಿ ಸುತ್ತಿಟ್ಟರೆ ಅದು ಮುಂದಿನ ಹಬ್ಬಕ್ಕೂ ಬರುತ್ತದೆ. ಮುಂಬಾಗಿಲಿಗೆ ಮಾತ್ರ ಹಸಿ ಮಾವಿನೆಲೆಯ ತೋರಣ. ಎಲೆ ಒಣಗಿದರೂ ಉದುರುವುದಿಲ್ಲವಾದ್ದರಿಂದ ಅದನ್ನು ಬದಲಿಸುವ ಗೊಡವೆ ಇಲ್ಲ. ಚೆಂಡುಹೂವು ಪೂಜೆಯ ದಿನಕ್ಕೆ ಮಾತ್ರ, ಅದೂ ಹೊಲದ ಬದುವಿನಿಂದ ಬೆಳಿಗ್ಗೆ ಕಿತ್ತದ್ದು.

ರಂಗೋಲಿಯ ಸ್ಟಿಕ್ಕರಿನ ಕತೆ ಬೇರೆ. ಹೊಳೆಯುವ ಟೈಲ್ಸಿನ ಮೇಲೆ ಪುಡಿಯ ರಂಗೋಲಿ ನಿಲ್ಲುವುದಿಲ್ಲ. ಫ್ಯಾನಿನ ಗಾಳಿಗೆ, ಸೀರೆಯ ಸೆರಗಿಗೆ ಎಳೆ ಹರಡುತ್ತದೆ. ಆದುದರಿಂದಲೇ ಸ್ಟಿಕ್ಕರು ಮನೆಮನೆಗೆ ಬಂದದ್ದು. ಆದರೆ ಅಜ್ಜಿಯ ಲೆಕ್ಕದಲ್ಲಿ ರಂಗೋಲಿ ಎಂದರೆ ನೆಲದ ಮೇಲಿನ ಚಿತ್ರವಲ್ಲ, ಅಂದು ಬೆಳಿಗ್ಗೆ ಎದ್ದು ಬಾಗಿಲಿಗೆ ಬಂದು ಬಗ್ಗಿದ ಕೆಲಸ. ನಿನ್ನೆಯ ರಂಗೋಲಿಯನ್ನು ಅಳಿಸದೆ ಇಂದಿನದನ್ನು ಹಾಕುವಂತಿಲ್ಲ. ಅಳಿಸಲಾಗದ್ದು ಆಕೆಗೆ ರಂಗೋಲಿಯೇ ಅಲ್ಲ. ಈ ಮಾತಿಗೆ ಮೊಮ್ಮಗಳು ಒಪ್ಪಿದಳು, ಆದರೆ ಜಾಗವನ್ನು ಬದಲಿಸಿದಳು. ಟೈಲ್ಸನ್ನು ಬಿಟ್ಟು ಮೆಟ್ಟಿಲ ಕೆಳಗಿನ ಒರಟು ಹಾಸುಗಲ್ಲಿನ ಮೇಲೆ, ನೀರು ಚಿಮುಕಿಸಿ, ತೇವ ಪೂರ್ತಿ ಆರುವ ಮೊದಲು ಎಳೆ ಬಿಟ್ಟರೆ ಪುಡಿ ಕಲ್ಲಿಗೆ ಕಚ್ಚಿಕೊಂಡು ಸಂಜೆಯವರೆಗೂ ನಿಲ್ಲುತ್ತದೆ. ಚುಕ್ಕೆಗಳ ಲೆಕ್ಕ ಅಜ್ಜಿಯದು, ಬಣ್ಣಗಳ ಆಯ್ಕೆ ಮೊಮ್ಮಗಳದು. ತಂದಿದ್ದ ಸ್ಟಿಕ್ಕರು ವ್ಯರ್ಥವಾಗಲಿಲ್ಲ. ಅದು ಮಹಡಿಯ ಮೆಟ್ಟಿಲುಗಳ ಅಂಚಿಗೆ, ಪೂಜೆಯ ದಾರಿಯಿಂದ ದೂರಕ್ಕೆ ಹೋಯಿತು.

ಇಷ್ಟು ಹೊತ್ತಿಗೆ ಯಾರೂ ಗೊತ್ತುಮಾಡದೆ ಒಂದು ನಿಯಮ ಮನೆಯಲ್ಲಿ ನೆಲೆಗೊಂಡಿತ್ತು. ಪೂಜೆಯಲ್ಲಿ ಕೈ ಮುಟ್ಟುವಂಥದ್ದು, ಅರಿಸಿನ ಕುಂಕುಮ ಏರುವಂಥದ್ದು ಹಳೆಯ ವಸ್ತುವಿನಲ್ಲಿಯೇ ಇರಬೇಕು. ಕಣ್ಣು ಮಾತ್ರ ಮುಟ್ಟುವಂಥದ್ದು ಹೊಸದಾಗಬಹುದು. ಗೋಡೆಯ ಮೇಲಿನ ದೀಪದ ಸರ, ಪಡಸಾಲೆಯ ಪರದೆ, ಮೆಟ್ಟಿಲ ಅಂಚು ಇವು ಕಣ್ಣಿನವು. ಹೊಸ್ತಿಲು, ತುಳಸಿಕಟ್ಟೆ, ಹಣತೆ, ಪಾಂಡವರು ಇವು ಕೈಯವು. ಹಿರಿಯರು ಎಲ್ಲವನ್ನೂ ಕಾಯಬೇಕಿಲ್ಲ, ಕಿರಿಯರು ಎಲ್ಲವನ್ನೂ ಬದಲಿಸಬೇಕಿಲ್ಲ ಎಂಬುದು ಇಬ್ಬರಿಗೂ ಸ್ಪಷ್ಟವಾದದ್ದು ಈ ವಿಂಗಡಣೆಯಿಂದ.

ದೀಪದ ವಿಷಯದಲ್ಲಿ ಮಾತ್ರ ಈ ನಿಯಮ ಸಾಕಾಗಲಿಲ್ಲ. ದೀಪಾವಳಿಯ ದೀಪಸಾಲಿಗೆ ಬಹಳ ಹಳೆಯ ಸಾಹಿತ್ಯಿಕ ಆಧಾರವಿದೆ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ, ಮುಗಿಸಿದ 'ಹರಿವಂಶಪುರಾಣ'ದಲ್ಲಿ ಮಹಾವೀರ ಸ್ವಾಮಿಯ ನಿರ್ವಾಣದ ಸಂದರ್ಭದಲ್ಲಿ ಪಾವಾನಗರಿ ದೀಪಗಳಿಂದ ಬೆಳಗಿದುದನ್ನೂ, ಅಂದಿನಿಂದ ಜನ ವರ್ಷವರ್ಷವೂ ದೀಪಾಲಿಕೆಯನ್ನು ಆಚರಿಸುವುದನ್ನೂ ಹೇಳಿದ್ದಾರೆ. ಅಲ್ಲಿ ದೀಪದ ಅರ್ಥ ನಿಂತಿರುವುದು ಸುತ್ತಲಿನ ಕತ್ತಲೆಯ ಮೇಲೆ, ಅಮಾವಾಸ್ಯೆಯ ರಾತ್ರಿಯ ಮೇಲೆ. ಎಲ್‌ಇಡಿ ಸರದ ತೊಂದರೆ ಅದು ಹೊಸದೆಂಬುದಲ್ಲ. ಅದು ಕತ್ತಲೆಯನ್ನು ಉಳಿಸುವುದಿಲ್ಲ ಎಂಬುದು. ಹಿಂದಿನ ವರ್ಷ ಲಕ್ಷ್ಮೀಪೂಜೆಯ ಹೊತ್ತಿನಲ್ಲಿ ಹಚ್ಚಿದ ಹಣತೆಗಳು ಆ ಬೆಳಕಿನಲ್ಲಿ ಕಾಣಿಸಿಯೇ ಇರಲಿಲ್ಲ.

ಜಾಗದ ಹಂಚಿಕೆಯಿಂದ ಬಗೆಹರಿಯದ್ದನ್ನು ಇಲ್ಲಿ ಕಾಲದ ಹಂಚಿಕೆ ಬಗೆಹರಿಸಿತು. ಸಂಜೆ ಪೂಜೆಗೆ ಮುನ್ನ ಮೊಮ್ಮಗನೇ ಗುಂಡಿ ಒತ್ತಿ ಎಲ್ಲ ಸರಗಳನ್ನೂ, ಒಳಗಿನ ಬಲ್ಬುಗಳನ್ನೂ ಆರಿಸಿದ. ಆರತಿ ಮುಗಿದು, ಹಣತೆಗಳನ್ನು ಹೊಸ್ತಿಲಿಗೆ, ಕಟ್ಟೆಗೆ, ಗೋದಲಿಗೆ ಇಟ್ಟು ಬರುವವರೆಗೆ ಸುಮಾರು ಮುಕ್ಕಾಲು ಗಂಟೆ ಮನೆ ಎಣ್ಣೆಯ ಬೆಳಕಿನಲ್ಲಿಯೇ ಇತ್ತು. ಆಮೇಲೆ ಸರಗಳು ಹೊತ್ತಿದವು. ಹಳೆಯ ಗೋಡೆಯಲ್ಲಿ ಹಣತೆಗೆಂದು ಗೂಡುಗಳಿದ್ದವು, ಹೊಸ ಗೋಡೆಯಲ್ಲಿ ಇಲ್ಲ. ಆದ್ದರಿಂದ ಹಣತೆಗಳನ್ನು ಮರಳು ತುಂಬಿದ ಸಣ್ಣ ತಟ್ಟೆಗಳಲ್ಲಿ ಇಟ್ಟರು. ಸೋರಿದ ಎಣ್ಣೆಯನ್ನು ಮರಳು ಹೀರುತ್ತದೆ, ಕಲ್ಲಿಗೆ ಕಲೆ ಹತ್ತುವುದಿಲ್ಲ, ಹಣತೆ ವಾಲುವುದೂ ಇಲ್ಲ. ಪರದೆಯ ಕೆಳಗೂ ವಿದ್ಯುತ್ ಸರ ಇಳಿಬಿದ್ದ ಕಡೆಯೂ ಹಣತೆ ಇಡಬಾರದೆಂಬುದು ಸೊಸೆ ಹಾಕಿದ ಗೆರೆ. ಬೆಂಕಿಯ ಭಯ ಆಕೆಗೆ. ಆ ಮಾತನ್ನು ಅಜ್ಜಿಯೂ ಮೀರಲಿಲ್ಲ.

ಉಳಿದದ್ದು ಪಾಂಡವರು. ಈ ಸೀಮೆಯಲ್ಲಿ ಬಲಿಪಾಡ್ಯಮಿಯ ಬೆಳಿಗ್ಗೆ ಸಗಣಿಯಿಂದ ಗೋಪುರದಾಕಾರದ ಸಣ್ಣ ಮೂರ್ತಿಗಳನ್ನು ಮಾಡಿ ಬಾಗಿಲ ಎರಡು ಮಗ್ಗುಲಿಗೆ ಇಡುತ್ತಾರೆ. ಎಣಿಕೆ, ಹೆಸರು, ಕ್ರಮ ಮನೆಯಿಂದ ಮನೆಗೆ ಬೇರೆ. ನೆತ್ತಿಗೆ ಉತ್ತರಾಣಿಯ ಕಡ್ಡಿ, ಹೊನ್ನಂಬರಿಯ ಹಳದಿ ಹೂವು, ಚೆಂಡುಹೂವು. ಮೈಗೆ ಸುಣ್ಣದ ಬೊಟ್ಟು, ಅರಿಸಿನ, ಕುಂಕುಮ. ಹದದಲ್ಲಿ ಎಚ್ಚರ ಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ದನಗಳು ಹಸಿ ಹುಲ್ಲು ಮೇಯುವುದರಿಂದ ಸಗಣಿ ತೆಳ್ಳಗಿರುತ್ತದೆ. ಅದಕ್ಕೆ ಹೊಟ್ಟು ಇಲ್ಲವೆ ಬೂದಿ ಬೆರೆಸಿ ನಾದಬೇಕು. ಒಂದು ಉಂಡೆ ಹಿಡಿದು ಬೆರಳೊತ್ತಿದಾಗ ಬೆರಳಿನ ಗುರುತು ಹಾಗೆಯೇ ನಿಂತರೆ ಹದ ಬಂದಂತೆ. ಗುರುತು ಕೂಡಿಕೊಂಡರೆ ಇನ್ನೂ ತೆಳುವು. ಆದರೆ ಹದ ಸರಿಯಿದ್ದರೂ ಗ್ರಾನೈಟಿನ ಮೇಲೆ ಅವು ನಿಲ್ಲವು. ನುಣುಪುಗಲ್ಲು ತೇವವನ್ನು ಕೆಳಗಿನಿಂದ ಎಳೆದುಕೊಳ್ಳುವುದಿಲ್ಲವಾದ್ದರಿಂದ ಮೇಲೆ ಒಣಗಿದರೂ ಬುಡ ಹಸಿಯಾಗಿಯೇ ಉಳಿದು ಹರಡುತ್ತದೆ, ಮೂರ್ತಿ ವಾಲುತ್ತದೆ. ಅಜ್ಜಿ ಹಿಂದಿನ ವರ್ಷ ಆಡಿದ್ದು ಮುನಿಸಿನ ಮಾತಾಗಿರಲಿಲ್ಲ, ಅದು ಕೈ ತಿಳಿದ ಮಾತಾಗಿತ್ತು.

ಹಳೆಯ ಮನೆಯ ಹೊಸ್ತಿಲ ಹಲಗೆಯನ್ನು ಕೆಡವುವಾಗ ಮಗ ಎತ್ತಿ ಕೊಟ್ಟಿಗೆಯ ಅಟ್ಟದಲ್ಲಿಟ್ಟಿದ್ದ. ತೇಗಿನದು, ನಡುವೆ ಸವೆದು ತಗ್ಗಾದದ್ದು. ಅದರ ಮೇಲೆ ಪಾಂಡವರನ್ನು ಇಡಬಹುದೆಂಬುದು ಮೊಮ್ಮಗಳ ಸೂಚನೆ: ಮರ ತೇವ ಹೀರುತ್ತದೆ, ಮೇಲೆ ಕೆಮ್ಮಣ್ಣು ಸಾರಿಸಲೂ ಬರುತ್ತದೆ. ತೊಡಕೆಂದರೆ ಹಲಗೆ ಒಂದೇ, ಪಾಂಡವರು ಕೂಡಬೇಕಾದದ್ದು ಬಾಗಿಲ ಎರಡೂ ಮಗ್ಗುಲಿಗೆ. ಅಡ್ಡಲಾಗಿ ಇಟ್ಟರೆ ನಡೆಯುವವರ ಕಾಲಿಗೆ ತೊಡರುತ್ತದೆ. ಎರಡಾಗಿ ಕೊಯ್ಯಬೇಕೆಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಎಲ್ಲರೂ ಸುಮ್ಮನಿದ್ದಾಗ ಅಜ್ಜಿಯೇ ಹೇಳಿದಳು: "ಮನೀನ ಕೆಡವಿದ್ರಿ, ಹಲಗಿ ಕೊಯ್ದರ ಏನಾಗ್ತದ? ನಡುವಿನ ತಗ್ಗು ಬಿಟ್ಟು ಕೊಯ್ಯಿರಿ." ನಡುವಿನ ಸವೆದ ತುಂಡನ್ನು ದೇವರ ಜಗಲಿಯ ಕೆಳಗೆ ಇಟ್ಟುಕೊಂಡಳು. ಎರಡು ತುದಿಗಳು ಬಾಗಿಲ ಎರಡು ಮಗ್ಗುಲಿಗೆ ಬಂದವು.

ಪಾಡ್ಯಮಿಯ ಬೆಳಿಗ್ಗೆ ಸಗಣಿ ನಾದಿದ್ದು ಮೊಮ್ಮಗ. ಮೊದಲ ಉಂಡೆ ತೆಳುವಾಯಿತು, ಎರಡನೆಯದಕ್ಕೆ ಬೂದಿ ಹೆಚ್ಚಾಗಿ ಬಿರಿಯಿತು. ಮೂರನೆಯದಕ್ಕೆ ಅಜ್ಜಿ ಬೆರಳೊತ್ತಿ ನೋಡಿ ತಲೆಯಾಡಿಸಿದಳು. ಆ ಎರಡು ತುಂಡು ಹಲಗೆಗಳ ಮೇಲೆ ಕೂತ ಪಾಂಡವರು ಸಂಜೆಯವರೆಗೂ ವಾಲಲಿಲ್ಲ. ಅವರ ನೆತ್ತಿಯ ಮೇಲೆ, ಬಾಗಿಲಿಗಿಂತ ಎತ್ತರದಲ್ಲಿ, ಬೆಂಗಳೂರಿನ ದೀಪದ ಸರ ಉರಿಯುತ್ತಿತ್ತು.

ಈ ಏರ್ಪಾಡಿಗೆ ಮಿತಿಯೂ ಇದೆ. ಕೊಟ್ಟಿಗೆಯಲ್ಲಿ ದನ ಇರುವವರೆಗೆ ಸಗಣಿ, ಬದುವಿನಲ್ಲಿ ಉತ್ತರಾಣಿ ಇರುವವರೆಗೆ ಕಡ್ಡಿ. ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಗೋದಲಿ ಬರಿದಾಗುತ್ತಿದೆ. ಅಲ್ಲಿ ಹಲಗೆ ಇದ್ದರೂ ಅದರ ಮೇಲೆ ಇಡುವುದಕ್ಕೆ ಇಲ್ಲ. ನಗರದ ಅಪಾರ್ಟ್‌ಮೆಂಟಿನಲ್ಲಿ ಬಾಗಿಲ ಹೊರಗಿನ ಜಾಗ ಮನೆಯವರದೇ ಅಲ್ಲ. ಅಂಥ ಕಡೆ ಎಲ್ಲವನ್ನೂ ಉಳಿಸುವುದು ಸಾಧ್ಯವಿಲ್ಲ, ಉಳಿಸಿದಂತೆ ತೋರಿಸುವುದಕ್ಕೆ ಅರ್ಥವೂ ಇಲ್ಲ. ಆದರೆ ಕೈ ಮುಟ್ಟುವುದು ಯಾವುದು, ಕಣ್ಣು ಮಾತ್ರ ಮುಟ್ಟುವುದು ಯಾವುದು ಎಂದು ಬೇರೆ ಮಾಡಿಕೊಂಡರೆ ಉಳಿಸಬೇಕಾದದ್ದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಒಂದು ತಟ್ಟೆ ಮರಳು, ಒಂದು ಹಣತೆ, ಒಂದು ತುಂಡು ಹಲಗೆ, ಹದ ನೋಡಲು ಕಲಿತ ಒಂದು ಬೆರಳು. ಮೊದಲ ಮೂರನ್ನು ಎಲ್ಲಿಗಾದರೂ ಹೊತ್ತು ಒಯ್ಯಬಹುದು. ನಾಲ್ಕನೆಯದನ್ನು ಮಾತ್ರ ಕೊಡುವವರು ಇರುವಾಗಲೇ ಪಡೆಯಬೇಕು.